30 ಡಿಗ್ರಿ 29.8 ಆಗುವುದೇಕೆ?

ಎಲ್‌ಎಂ35 ಎಂಬ ತಾಪಮಾನ ಸಂವೇದಕ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 30 ಡಿಗ್ರಿಯಲ್ಲಿ ಅದು 300 ಮಿಲಿವೋಲ್ಟ್. ಆರ್ಡುಯಿನೊ ಊನೊ ಬೋರ್ಡಿನ ಪರಿವರ್ತಕ ಇದನ್ನು ಅಂಕಿಯಾಗಿಸುವುದು ತಕ್ಕಡಿಯಲ್ಲಿ ತೂಗಿದಂತೆ. ಮೊದಲು 2.5 ವೋಲ್ಟಿನ ಬಟ್ಟು ಇಡುತ್ತದೆ, ಹೆಚ್ಚಾಯಿತು, ತೆಗೆಯುತ್ತದೆ. ನಂತರ ಅದರರ್ಧ, ಅದರರ್ಧ. 156 ಮಿಲಿವೋಲ್ಟಿನ ಬಟ್ಟು ನಿಲ್ಲುತ್ತದೆ, ಅದರ ಮೇಲೆ 78, ಹೀಗೆ ಹತ್ತು ಹೆಜ್ಜೆ. ಸಿಗುವ ಅಂಕಿ 61.

ಹತ್ತು ಬಿಟ್ ಎಂದರೆ 5 ವೋಲ್ಟನ್ನು 1024 ಮೆಟ್ಟಿಲಾಗಿ ಸೀಳಿದಂತೆ. ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್, ಅಂದರೆ ಅರ್ಧ ಡಿಗ್ರಿ. 61ನೇ ಮೆಟ್ಟಿಲು 298 ಮಿಲಿವೋಲ್ಟಿನಲ್ಲಿದೆ. ಆದ್ದರಿಂದ ತೆರೆಯ ಮೇಲೆ 29.8. ಉಳಿದ ಎರಡು ಮಿಲಿವೋಲ್ಟೇ ಕ್ವಾಂಟೀಕರಣ ದೋಷ. ಸಂವೇದಕ ಕೆಟ್ಟಿಲ್ಲ, ಓದು ಅರ್ಧರ್ಧ ಡಿಗ್ರಿ ಜಿಗಿಯುತ್ತಿದ್ದರೆ ಕಾರಣ ಇದೇ.

ಫ್ಲ್ಯಾಶ್ ಪರಿವರ್ತಕ ಹೀಗೆ ಹಂತಹಂತವಾಗಿ ತೂಗುವುದಿಲ್ಲ. ಪ್ರತಿ ಮೆಟ್ಟಿಲಿಗೊಂದು ಹೋಲಿಕೆ ಮಂಡಲವಿಟ್ಟು ಒಂದೇ ಏಟಿಗೆ ಉತ್ತರ ಹೇಳುತ್ತದೆ. ಎಂಟು ಬಿಟ್‌ಗೆ 255 ಮಂಡಲ ಸಾಕು. ಹತ್ತು ಬಿಟ್‌ಗೆ 1023 ಬೇಕು, ವಿದ್ಯುತ್ತೂ ಅಷ್ಟೇ ತಿನ್ನುತ್ತದೆ. ವೇಗದ ಆಸಿಲೋಸ್ಕೋಪಿಗೆ ಅದು ಸರಿ, ನಿಧಾನವಾಗಿ ಬದಲಾಗುವ ತಾಪಮಾನಕ್ಕೆ ದಂಡ. ಊನೊದಲ್ಲಿ ಉಲ್ಲೇಖ ವೋಲ್ಟೇಜನ್ನು 1.1ಕ್ಕೆ ಇಳಿಸಿ: ಮೆಟ್ಟಿಲು ಡಿಗ್ರಿಯ ಹತ್ತನೇ ಒಂದಕ್ಕೆ ಕುಗ್ಗುತ್ತದೆ. ಆದರೆ 110 ಡಿಗ್ರಿ ಮೀರಿದ್ದನ್ನು ಅಳೆಯಲಾಗದು.