ಬೆಳೆ ವಿಮೆ: ರೊಕ್ಕ ಕಟ್ಟಿದ ಮೇಲೆ ರಸೀದಿ ಗಟ್ಟಿಯಾಗಿ ಓದಿ

ಇವತ್ತಿನ ಸಂಚಿಕೆ ನೀವು ಇಯರ್‌ಫೋನ್ ಹಾಕ್ಕೊಂಡು ಒಬ್ಬರೇ ಕೇಳೋದಲ್ಲ. ಅಪ್ಪ, ಕಾಕಾ, ಅಜ್ಜ ಪಕ್ಕದಲ್ಲಿದ್ದರೆ ಸ್ಪೀಕರ್ ಆನ್ ಮಾಡಿ.

ಕುಷ್ಟಗಿ ಕಡೆಯ ಒಂದು ಹಳ್ಳಿಗೆ ಹೋಗಿದ್ದಾಗ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಒಂದು ಮಡಚಿದ ಚೀಟಿ ನನ್ನ ಕೈಗೆ ಕೊಟ್ಟರು.

“ಹೋದ ವರ್ಷ ವಿಮಾ ಕಟ್ಟಿದ್ದೆ. ಬೆಳಿ ಹೋತು, ರೊಕ್ಕ ಬರಲಿಲ್ಲ. ಏನ್ ಬರದಾರ ಓದಿ ಹೇಳಪಾ.”

ಓದಿದೆ. ಹೆಸರು ಸರಿ, ಸರ್ವೆ ನಂಬರ್ ಸರಿ. ಬೆಳೆ ಅನ್ನೋ ಕಡೆ ಮೆಕ್ಕೆಜೋಳ ಅಂತಿತ್ತು.

“ಕಾಕಾ, ಹೊಲದಾಗ ಏನ್ ಹಾಕಿದ್ರಿ?”

“ತೊಗರಿ.”

ತಪ್ಪಾಗಿದ್ದು ಅಲ್ಲೇ. ಅವರದು ಬೆಳೆ ಸಾಲ. ಸಾಲದ ಕಾಗದದಲ್ಲಿ ಮೆಕ್ಕೆಜೋಳ ಇತ್ತು, ಕಂತೂ ಅದಕ್ಕೇ ಕಡಿತ ಆಗಿತ್ತು. ನಮ್ಮ ರಾಜ್ಯದಲ್ಲಿ ವಿಮೆ ಮಾಡಿಸಿದ ಬೆಳೆಯನ್ನು ಬೆಳೆ ಸಮೀಕ್ಷೆಯ ಜೊತೆ ತಾಳೆ ನೋಡುತ್ತಾರೆ. ಹೊಲದ ಫೋಟೊ ತೆಗೆದು ಆ್ಯಪ್‌ಗೆ ಹಾಕ್ತಾರಲ್ಲ, ಅದೇ ಸಮೀಕ್ಷೆ. ಎರಡೂ ಕಡೆ ಬೆಳೆ ಬೇರೆ ಇದ್ದರೆ ಅರ್ಜಿ ತಿರಸ್ಕಾರ ಆಗಬಹುದು.

ಅದಕ್ಕೇ ಇವತ್ತು ನೋಂದಣಿಯನ್ನ ಒಂದೊಂದೇ ಹೆಜ್ಜೆ ಹೇಳ್ತೀನಿ.

ಮೊದಲು ಕೊನೆಯ ದಿನ. ಅದು ಎಲ್ಲ ಬೆಳೆಗೂ ಒಂದೇ ಅಲ್ಲ. ಮುಂಗಾರಿನಲ್ಲಿ ಬೇಗ ಬಿತ್ತುವ ಹೆಸರಿಗೆ ಸಾಮಾನ್ಯವಾಗಿ ಜುಲೈ ನಡುವೆಯೇ ಮುಗಿಯುತ್ತದೆ. ಯಲಬುರ್ಗಾ, ಕುಷ್ಟಗಿಯ ಮಳೆ ಆಶ್ರಿತ ಸಜ್ಜೆ, ತೊಗರಿ, ಮೆಕ್ಕೆಜೋಳಕ್ಕೆ ಜುಲೈ ಕೊನೆ. ಗಂಗಾವತಿಯ ಕಾಲುವೆ ನೀರಿನ ಭತ್ತಕ್ಕೆ ಆಗಸ್ಟ್ ನಡುವಿನ ತನಕ. ಈ ವರ್ಷದ ನಿಖರ ದಿನಾಂಕವನ್ನ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. “ವಿಮೆ ಯಾವಾಗ ಮುಗೀತದ” ಅಂತ ಕೇಳಬೇಡಿ, “ತೊಗರಿಗೆ ಯಾವಾಗ” ಅಂತ ಬೆಳೆಯ ಹೆಸರು ಹೇಳಿ ಕೇಳಿ.

ಎರಡನೇದು ಕಾಗದ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಎಫ್‌ಐಡಿ ನಂಬರ್. ಮತ್ತೊಮ್ಮೆ ಹೇಳ್ತೀನಿ: ಆಧಾರ್, ಪಹಣಿ, ಪಾಸ್‌ಬುಕ್, ಎಫ್‌ಐಡಿ. ಎಫ್‌ಐಡಿ ಅಂದ್ರೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ನಂಬರ್. ಅದು ಇಲ್ಲದಿದ್ದರೆ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮಾಡಿಸಿ. ವಿಮೆ ಮಾಡಿಸುವ ಎಲ್ಲ ಸರ್ವೆ ನಂಬರ್ ಅದರಲ್ಲಿ ಸೇರಿದೆಯಾ ಅಂತಾನೂ ನೋಡಿ.

ಮೂರನೇದು ಎಲ್ಲಿ ಕಟ್ಟೋದು. ಸಾಲ ಇಲ್ಲದವರು ಬ್ಯಾಂಕ್, ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಕಟ್ಟಬಹುದು. ಬೆಳೆ ಸಾಲ ಇದ್ದವರಿಗೆ ಬ್ಯಾಂಕೇ ಕಂತು ಕಡಿತ ಮಾಡುತ್ತದೆ. 2020ರ ಮುಂಗಾರಿನಿಂದ ಇದು ಕಡ್ಡಾಯ ಅಲ್ಲ. ಬೇಡ ಅನ್ನೋರು ಕೊನೆಯ ದಿನಕ್ಕೆ ಏಳು ದಿನ ಮೊದಲೇ ಬರೆದು ಕೊಡಬೇಕು. ಬೆಳೆ ಬದಲಾಗಿದ್ದರೆ ಎರಡು ದಿನ ಮೊದಲಾದರೂ ಬ್ಯಾಂಕಿಗೆ ತಿಳಿಸಬೇಕು. ಕಾಕಾ ಅವರಿಗೆ ಗೊತ್ತಿಲ್ಲದೇ ಹೋಗಿದ್ದು ಈ ಮಾತು.

ಎಷ್ಟು ರೊಕ್ಕ? ಮುಂಗಾರಿನ ಆಹಾರ ಬೆಳೆ, ಎಣ್ಣೆಕಾಳಿಗೆ ರೈತರ ಪಾಲು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಲೆಕ್ಕಕ್ಕೆ ಹೆಕ್ಟೇರಿಗೆ 50,000 ರೂಪಾಯಿ ವಿಮಾ ಮೊತ್ತ ಅಂದ್ಕೊಳ್ಳಿ. ಹೆಕ್ಟೇರ್ ಅಂದ್ರೆ ಸುಮಾರು 2 ಎಕರೆ 19 ಗುಂಟೆ. 2 ಎಕರೆ ತೊಗರಿಗೆ ರೈತರು ಕಟ್ಟೋದು 810 ರೂಪಾಯಿ ಆಸುಪಾಸು. ಮಿಕ್ಕ ಕಂತು ಸರ್ಕಾರಗಳದ್ದು.

ಈಗ ಮುಖ್ಯ ಹೆಜ್ಜೆ. ರಸೀದಿ ಕೈಗೆ ಬಂದ ಕೂಡಲೇ, ಕೌಂಟರ್ ಬಿಟ್ಟು ಏಳುವ ಮೊದಲು, ಐದು ಸಾಲು ಗಟ್ಟಿಯಾಗಿ ಓದಿ: ಹೆಸರು, ಊರು, ಸರ್ವೆ ನಂಬರ್, ಬೆಳೆ, ಎಕರೆ. ಬೆಳೆಯ ಮುಂದೆ “ಮಳೆ ಆಶ್ರಿತ” ಇದೆಯೋ “ನೀರಾವರಿ” ಇದೆಯೋ ಅದನ್ನೂ ನೋಡಿ. ಆಮೇಲೆ samrakshane.karnataka.gov.in ತೆರೆದು ಅರ್ಜಿಯ ಸ್ಥಿತಿ ನೋಡಿ. ಸಮೀಕ್ಷೆ ಮುಗಿದ ಮೇಲೆ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಅದೇ ಸರ್ವೆ ನಂಬರ್ ಹಾಕಿ. ಬೆಳೆ ತಪ್ಪಾಗಿ ದಾಖಲಾಗಿದ್ದರೆ ಅಲ್ಲೇ ಆಕ್ಷೇಪಣೆ ಸಲ್ಲಿಸಬಹುದು. ಇದು ಫೋನ್ ಇರೋ ಮಕ್ಕಳ ಕೆಲಸ.

ಒಂದು ಮಿತಿ ತಿಳಿದಿರಲಿ. ಮಳೆ ಕೈಕೊಟ್ಟು ಇಳುವರಿ ಕಡಿಮೆಯಾದರೆ ನಿಮ್ಮೊಬ್ಬರ ಹೊಲ ನೋಡಿ ಪರಿಹಾರ ಕೊಡೋದಿಲ್ಲ. ಗ್ರಾಮ ಪಂಚಾಯಿತಿ ಅಥವಾ ಹೋಬಳಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಸರಾಸರಿ ಇಳುವರಿ ಮೇಲೆ ಲೆಕ್ಕ ಹಾಕ್ತಾರೆ. ಆದರೆ ಆಲಿಕಲ್ಲು ಬಿದ್ದರೆ, ಅಥವಾ ಕೊಯ್ದು ಒಣಗಲು ಹರಡಿದ ಬೆಳೆ 14 ದಿನದೊಳಗೆ ಅಕಾಲ ಮಳೆಗೆ ಹಾಳಾದರೆ, ನಿಮ್ಮ ಹೊಲವನ್ನೇ ನೋಡ್ತಾರೆ. ಅದಕ್ಕೆ 72 ಗಂಟೆಯೊಳಗೆ 14447ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. 72 ಗಂಟೆ ಅಂದ್ರೆ ಮೂರು ದಿನ.

ಈ ವರ್ಷ ಕಾಕಾ ಕೌಂಟರಿನಲ್ಲೇ ಮೊಮ್ಮಗಳ ಕೈಲಿ ರಸೀದಿ ಓದಿಸಿದರಂತೆ. ಬೆಳೆ ಅನ್ನೋ ಕಡೆ ಏನಿತ್ತು ಅಂತ ಫೋನಿನಲ್ಲಿ ಕೇಳಿದೆ.

“ತೊಗರಿ,” ಅಂದರು. “ಎರಡ್ ಸಲ ಓದಿಸೀನಿ.”

ನಿಮ್ಮನೇಲಿ ಹೇಳೋದು ಇಷ್ಟೇ: ನಮ್ಮ ಬೆಳೆಗೆ ಕೊನೆಯ ದಿನ ಯಾವುದು ಕೇಳಿ. ಆಧಾರ್, ಪಹಣಿ, ಪಾಸ್‌ಬುಕ್, ಎಫ್‌ಐಡಿ ಹಿಡ್ಕೊಂಡು ಹೋಗಿ. ಹೊಲದಲ್ಲಿರೋದು, ರಸೀದಿಯಲ್ಲಿರೋದು, ಸಮೀಕ್ಷೆಯಲ್ಲಿರೋದು, ಮೂರೂ ಒಂದೇ ಬೆಳೆ ಆಗಿರಲಿ.