ಡ್ರೋನ್ ನಕ್ಷೆಯಲ್ಲಿ ನಿಮ್ಮ ಅಂಗಡಿಯ ಶಟರ್ ಕಾಣ್ತಿದೆಯಾ? ಹಾಗಾದ್ರೆ ಒಪ್ಪಿಗೆ ಕೊಡೋ ಮುಂಚೆ ಟೇಪ್ ಹಿಡೀರಿ

ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿದ ಊರುಗಳಲ್ಲಿ ಕರಡು ನಕ್ಷೆ ಕೈಗೆ ಬಂದ ಕೂಡಲೇ ಜನ ಹುಡುಕೋದು ತಮ್ಮ ಮನೆಯ ಚಾವಣಿಯನ್ನ. ಚಾವಣಿ ಸಿಕ್ಕ ಮೇಲೆ ಗೊಂದಲ ಶುರುವಾಗುತ್ತೆ. ನೆಟ್ಟಗೆ ಕಟ್ಟಿಸಿದ ಗೋಡೆ ನಕ್ಷೆಯಲ್ಲಿ ಅಲೆಯಂತೆ ಬಳುಕಿರುತ್ತೆ, ಪಕ್ಕದ ಓಣಿ ಕಿರಿದಾಗಿರುತ್ತೆ, ಹಿತ್ತಲಿನ ತೆಂಗಿನ ಮರ ಮೇಣದಂತೆ ಕರಗಿರುತ್ತೆ. ಅಳತೆ ಮಾಡಿದವರು ಮೋಸ ಮಾಡಿದ್ರು ಅಂತ ಜಗಳಕ್ಕೆ ನಿಲ್ಲೋರೂ ಇದ್ದಾರೆ, ಕಂಪ್ಯೂಟರ್ ನಕ್ಷೆ ತಪ್ಪಾಗೋಕೆ ಸಾಧ್ಯವೇ ಇಲ್ಲ ಅಂತ ಸುಮ್ಮನಾಗೋರೂ ಇದ್ದಾರೆ. ಎರಡೂ ಸರಿಯಲ್ಲ.

2020ರ ಏಪ್ರಿಲ್ 24ರಂದು ಶುರುವಾದ ಈ ಯೋಜನೆಯ ಮೊದಲ ಹಂತದಲ್ಲೇ ಕರ್ನಾಟಕ ಇತ್ತು. ಗ್ರಾಮಠಾಣಾದೊಳಗಿನ ಮನೆ, ಅಂಗಡಿ, ಖಾಲಿ ಜಾಗಗಳ ಗಡಿಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಮೇಲಿಂದ ಡ್ರೋನ್ ಹಾರಿಸಿ, ಆ ಚಿತ್ರದ ಮೇಲೆ ಗಡಿ ಗುರುತಿಸುವುದು ಇದರ ಕ್ರಮ. ಆ ಚಿತ್ರಕ್ಕೆ ಆರ್ಥೋಮೊಸಾಯಿಕ್ ಅಂತ ಹೆಸರು. ನೋಡೋಕೆ ಒಂದೇ ದೊಡ್ಡ ಫೋಟೋ. ಅಸಲಿಗೆ ಅದು ನೂರಾರು ಫೋಟೋಗಳ ತುಂಡುಗಳನ್ನು ಸೇರಿಸಿ ಹೊಲಿದ ಕೌದಿ.

ಕೌದಿ ಹೊಲಿಯೋದು ಹೀಗೆ

ಡ್ರೋನ್ ಹೊಲ ಉತ್ತ ಹಾಗೆ ಸಾಲು ಸಾಲಾಗಿ ಹೋಗಿ ಬರುತ್ತೆ. ಒಂದು ಫೋಟೋ ತೆಗೆದು ಸ್ವಲ್ಪವೇ ಮುಂದೆ ಹೋಗಿ ಇನ್ನೊಂದು ತೆಗೆಯುತ್ತೆ. ಮೊದಲ ಫೋಟೋದಲ್ಲಿ ಬಂದ ಜಾಗದ ಮುಕ್ಕಾಲು ಭಾಗ ಎರಡನೆಯದರಲ್ಲೂ ಬರುವಂತೆ ನೋಡಿಕೊಳ್ತಾರೆ. ಪಕ್ಕದ ಸಾಲಿನ ಜೊತೆಗೂ ಶೇ 60ರಿಂದ 70ರಷ್ಟು ಹೊಂದಿಕೆ ಇಡ್ತಾರೆ. ಅಂದ್ರೆ ಊರ ನಡುವಿನ ಅರಳಿಕಟ್ಟೆ ಹತ್ತಾರು ಫೋಟೋಗಳಲ್ಲಿ, ಬೇರೆ ಬೇರೆ ಕೋನದಿಂದ ಸಿಗುತ್ತೆ.

ಸಾಫ್ಟ್‌ವೇರ್ ಈ ಫೋಟೋಗಳಲ್ಲಿ ಒಂದೇ ಚುಕ್ಕೆಯನ್ನು ಹುಡುಕುತ್ತೆ. ಕಟ್ಟೆಯ ಮೂಲೆ, ಚಪ್ಪಡಿಯ ಬಿರುಕು, ರಸ್ತೆಯ ಬಿಳಿ ಪಟ್ಟೆ, ಏನಾದರೂ ಸರಿ. ಅದೇ ಚುಕ್ಕೆ ಎಷ್ಟೋ ಕಡೆಯಿಂದ ಕಂಡಾಗ ಅದು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಅಂತ ಲೆಕ್ಕ ಸಿಗುತ್ತೆ. ನಾವು ಎರಡು ಕಣ್ಣಿಂದ ದೂರ ಅಂದಾಜು ಮಾಡೋದೂ ಹೀಗೇ. ಎತ್ತರ ಗೊತ್ತಾದ ಮೇಲೆ ಪ್ರತಿ ಫೋಟೋವನ್ನೂ ನೇರ ಮೇಲಿಂದ ನೋಡಿದ ಹಾಗೆ ತಿದ್ದಿ, ತುಂಡು ತುಂಡಾಗಿ ಜೋಡಿಸುತ್ತೆ. ಎತ್ತರದ ಲೆಕ್ಕ ತಪ್ಪಿದಲ್ಲೆಲ್ಲ ಚಿತ್ರವೂ ಸೊಟ್ಟಗಾಗುತ್ತೆ. ಬಳುಕಿದ ಗೋಡೆಯ ಗುಟ್ಟು ಇಷ್ಟೇ.

ಮಾಯವಾದ ಐದಡಿ ಓಣಿ

ಒಂದು ಲೆಕ್ಕ ಹಾಕಿ ನೋಡೋಣ. ಊರ ಕೊನೆಯಲ್ಲಿ, ಮುಖ್ಯರಸ್ತೆ ಪಕ್ಕ 6 ಮೀಟರ್ ಎತ್ತರದ ಎರಡು ಅಂತಸ್ತಿನ ಅಂಗಡಿ ಇದೆ ಅಂದುಕೊಳ್ಳಿ. ಅದರ ಪಕ್ಕ ಐದಡಿ ಓಣಿ, ಓಣಿಯಾಚೆ ಹಳೆಯ ಹೆಂಚಿನ ಮನೆ. ಡ್ರೋನ್ 120 ಮೀಟರ್ ಎತ್ತರದಲ್ಲಿದೆ. ಅದರ ಕೊನೆಯ ಸಾಲು ಅಂಗಡಿಯ ಮೇಲೆ ಬರದೆ 40 ಮೀಟರ್ ಈಚೆಗೇ ತಿರುಗಿಬಿಟ್ಟಿದೆ.

ಈಚೆಯಿಂದ ಓರೆಯಾಗಿ ನೋಡಿದ ಕ್ಯಾಮೆರಾಗೆ ಅಂಗಡಿಯ ಚಾವಣಿ ಆಚೆಗೆ ವಾಲಿದಂತೆ ಕಾಣುತ್ತೆ. ಎಷ್ಟು? 40ನ್ನು 6ರಿಂದ ಗುಣಿಸಿ, ಚಾವಣಿಯಿಂದ ಡ್ರೋನ್‌ವರೆಗಿನ 114 ಮೀಟರ್‌ನಿಂದ ಭಾಗಿಸಿ. ಎರಡು ಮೀಟರ್‌ಗಿಂತ ತುಸು ಜಾಸ್ತಿ ಬರುತ್ತೆ, ಹತ್ತಿರ ಹತ್ತಿರ ಏಳಡಿ. ಓಣಿ ಇರೋದೇ ಐದಡಿ. ಅದು ಆ ಕಡೆಗಿದ್ದರೆ ಫೋಟೋದಲ್ಲಿ ಪೂರಾ ಮುಚ್ಚಿ ಹೋಗುತ್ತೆ, ಅಂಗಡಿಯ ಚಾವಣಿ ಪಕ್ಕದವರ ಹೆಂಚಿನ ಮೇಲೆ ಕೂತ ಹಾಗೆ ಕಾಣುತ್ತೆ. ಆ ಚಾವಣಿಯ ಅಂಚನ್ನೇ ಗಡಿ ಅಂತ ಗೆರೆ ಎಳೆದರೆ ಮುಂದಿನ ತಂಟೆ ಊಹಿಸಬಹುದು.

ಊರ ನಡುವೆ ಈ ತೊಂದರೆ ಕಮ್ಮಿ. ಅಲ್ಲಿ ಪ್ರತಿ ಕಟ್ಟಡದ ನೆತ್ತಿಯ ಮೇಲಿಂದ ತೆಗೆದ ಒಂದಾದರೂ ಫೋಟೋ ಇರುತ್ತೆ, ಸಾಫ್ಟ್‌ವೇರ್ ಅದನ್ನೇ ಆರಿಸಿಕೊಳ್ಳುತ್ತೆ. ಅಂಚಿನಲ್ಲಿ ಸಿಗೋದು ಒಂದೋ ಎರಡೋ ಫೋಟೋ, ಅವೂ ಒಂದೇ ಕಡೆಯಿಂದ. ಅದಕ್ಕೇ ಅನುಭವ ಇರೋ ಡ್ರೋನ್ ತಂಡದವರು ಊರ ಗಡಿ ದಾಟಿ ಇನ್ನೂ ಒಂದೆರಡು ಸಾಲು ಹಾರಿಸ್ತಾರೆ. ಬ್ಯಾಟರಿ ಉಳಿಸೋಕೆ ಅಂತ ಈ ಸಾಲುಗಳನ್ನು ಬಿಟ್ಟರೆ ಪೆಟ್ಟು ಬೀಳೋದು ಊರ ಬಾಗಿಲಲ್ಲಿರೋ ಅಂಗಡಿಗಳಿಗೆ.

ಕಂಡುಹಿಡಿಯೋದು ಸುಲಭ. ನೇರ ಮೇಲಿಂದ ನೋಡಿದ ನಕ್ಷೆಯಲ್ಲಿ ಗೋಡೆ ಕಾಣಬಾರದು. ನಿಮ್ಮ ಶಟರ್ರೋ ಬೋರ್ಡೋ ಕಿಟಕಿಯೋ ಕಂಡರೆ ಚಾವಣಿ ತನ್ನ ಜಾಗದಲ್ಲಿಲ್ಲ ಅಂತಲೇ ಅರ್ಥ. ಗೋಡೆ ಕಾಣದೆ ಚಾವಣಿಯ ಅಂಚು ಮಾತ್ರ ಇಲಿ ಕಡಿದ ಹಾಗೆ ಇದ್ದರೆ ಅದು ಬೇರೆ ತಪ್ಪು. ಅಲ್ಲಿ ಚಾವಣಿ ಮುಗಿದು ನೆಲ ಶುರುವಾಗೋ ಜಾಗದಲ್ಲಿ ಎತ್ತರದ ಲೆಕ್ಕ ಎಡವಿದೆ. ಇದು ಸಾಮಾನ್ಯವಾಗಿ ಸಣ್ಣ ತಪ್ಪು, ಆದರೂ ಆ ಅಂಚಿನಿಂದ ಅಳತೆ ತೆಗೀಬಾರದು. ಬಿಳಿ ಸುಣ್ಣದ ಗೆರೆ ನೆಲದ ಮೇಲೇ ಇರೋದರಿಂದ ಅದಕ್ಕೆ ವಾಲುವ ಕಾಟ ಇಲ್ಲ. ನಂಬಬೇಕಾದ್ದು ಅದನ್ನು, ಚಾವಣಿಯನ್ನಲ್ಲ. ಹೆಂಚಿನ ಮನೆಗಳ ಸೂರು ಹೇಗೂ ಗೋಡೆಗಿಂತ ಮುಂದಕ್ಕೆ ಚಾಚಿರುತ್ತೆ.

ಮಸುಕು ಎಲ್ಲಾ ಒಂದೇ ಅಲ್ಲ

ಮಸುಕಾದ ಜಾಗ ಕಂಡರೆ ಅದು ಯಾವ ಥರದ ಮಸುಕು ಅಂತ ನೋಡಬೇಕು. ಒಂದು ತುಂಡಿನೊಳಗಿನ ಎಲ್ಲವೂ, ಅಂದ್ರೆ ರಸ್ತೆ, ಚಾವಣಿ, ಬೈಕು, ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಡ್ರೋನ್ ಓಟದಲ್ಲಿದ್ದಾಗ ಕ್ಯಾಮೆರಾ ಕಣ್ಣು ಜಾಸ್ತಿ ಹೊತ್ತು ತೆರೆದಿತ್ತು ಅಂತ. ಸೆಕೆಂಡಿಗೆ 8 ಮೀಟರ್ ಓಡುವ ಡ್ರೋನ್, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ 8 ಸೆಂಟಿಮೀಟರ್ ಸರಿದಿರುತ್ತೆ. ಚಿತ್ರದ ಒಂದು ಚುಕ್ಕೆ ನೆಲದ 3 ಸೆಂಟಿಮೀಟರ್‌ಗೆ ಸಮ ಅಂತಿಟ್ಟುಕೊಂಡರೆ ಎರಡೂವರೆ ಚುಕ್ಕೆಗಿಂತ ಹೆಚ್ಚು ಕಲಸಿಹೋಯ್ತು. ಮೋಡದ ದಿನ, ಸಂಜೆ ಹೊತ್ತು ಹಾರಿಸಿದರೆ ಹೀಗಾಗೋದು ಜಾಸ್ತಿ. ಕೆಟ್ಟಿದ್ದು ಒಂದೆರಡು ಫೋಟೋ ಆಗಿದ್ರೆ ಅವನ್ನು ತೆಗೆದುಹಾಕಿ ಮತ್ತೆ ಜೋಡಿಸಬಹುದು, ಅಕ್ಕಪಕ್ಕದ ಫೋಟೋಗಳಲ್ಲಿ ಅದೇ ಜಾಗ ಇರುತ್ತಲ್ಲ. ಇಡೀ ಸಾಲೇ ಕೆಟ್ಟಿದ್ದರೆ ಮತ್ತೆ ಹಾರಿಸದೆ ವಿಧಿಯಿಲ್ಲ.

ತೆಂಗಿನ ಗರಿ, ಕೆರೆ ನೀರು, ಬಿಸಿಲಿಗೆ ಹೊಳೆಯೋ ತಗಡಿನ ಶೀಟು, ಇವು ಕರಗಿದಂತೆ ಕಂಡರೆ ಅದರ ಕಥೆ ಬೇರೆ. ಗರಿ ಗಾಳಿಗೆ ಅಲುಗುತ್ತೆ, ನೀರು ಪ್ರತಿ ಫೋಟೋದಲ್ಲೂ ಬೇರೆ ಥರ ಕಾಣುತ್ತೆ, ಸಾಫ್ಟ್‌ವೇರ್‌ಗೆ ಹೊಂದಿಸೋಕೆ ಚುಕ್ಕೆಯೇ ಸಿಗಲ್ಲ. ಮತ್ತೆ ಹಾರಿಸಿದರೂ ಕೆರೆ ನಡುವಿನ ನೀರು ಸರಿಹೋಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಗಡಿ ಗೆರೆ ಮರದಡಿ ಹೋಗಿದ್ದರೆ ಅದನ್ನು ನೆಲದ ಮೇಲೇ ಅಳೆಯಬೇಕು. ಇನ್ನು ಸಂತೆ ದಿನ ಹಾರಿಸಿದ ನಕ್ಷೆಯಲ್ಲಿ ಅರ್ಧ ಬಸ್ಸು, ಕಾಲಿಲ್ಲದ ಎತ್ತು ಸಿಕ್ಕರೆ ಗಾಬರಿ ಬೇಡ. ಎರಡು ಫೋಟೋಗಳ ಹೊಲಿಗೆ ಅಲ್ಲಿ ಹಾದುಹೋಗಿದೆ, ಅಷ್ಟೇ. ಅದರಿಂದ ಯಾರ ಜಾಗವೂ ಕರಗಲ್ಲ.

ಆದರೆ ಆ ಹೊಲಿಗೆ ಗೋಡೆಯ ಮೇಲೋ ಚರಂಡಿಯ ಮೇಲೋ ಹೋಗಿ, ನೆಟ್ಟಗಿನ ಸಾಲು ಅಲ್ಲಿ ಮುರಿದು ಒಂದಡಿ ಪಕ್ಕಕ್ಕೆ ಜಿಗಿದಿದ್ದರೆ ಸುಮ್ಮನೆ ಬಿಡಬೇಡಿ. ನೆಟ್ಟಗಿದೆ ಅಂತ ಗೊತ್ತಿರೋ ಶಾಲೆ ಕಾಂಪೌಂಡ್, ಸಿಮೆಂಟ್ ರಸ್ತೆಯ ಅಂಚು ನಕ್ಷೆಯಲ್ಲೂ ನೆಟ್ಟಗಿವೆಯಾ ನೋಡಿ.

ಆಕ್ಷೇಪಣೆ ಕೊಡೋದಾದರೆ "ನಕ್ಷೆ ತಪ್ಪು" ಅಂತಷ್ಟೇ ಬರೆದರೆ ಅದನ್ನು ಪರಿಶೀಲಿಸೋಕೆ ಯಾರಿಗೂ ದಾರಿ ಇರಲ್ಲ. ಪಕ್ಕದವರನ್ನೂ ಕರೆದು, ಗೋಡೆಯ ಬುಡದಿಂದ ಬುಡಕ್ಕೆ ಟೇಪ್ ಹಿಡಿದು ಓಣಿ ಅಳೆಯಿರಿ. ಅದೇ ಓಣಿ ನಕ್ಷೆಯ ಸ್ಕೇಲಿನಲ್ಲಿ ಎಷ್ಟಿದೆ ನೋಡಿ, ಎರಡೂ ಅಂಕಿ ಬರೆಯಿರಿ. ಯಾವ ಕಡೆಗೆ ವಾಲಿದೆ, ಯಾವ ಗೋಡೆ ಕಾಣ್ತಿದೆ ಅಂತ ಸೇರಿಸಿ. ಸರ್ವೆಯವರು ಸ್ಥಳಕ್ಕೆ ಬಂದಾಗ "ಸಾರ್, ನಮ್ಮ ಕಟ್ಟಡ ನಡುವೆ ಬಂದಿರೋ ಮೂಲ ಫೋಟೋ ಇದೆಯಾ?" ಅಂತ ಕೇಳಿ. ಇದ್ದರೆ ಆ ತುಂಡನ್ನೇ ಹಾಕಿ ಜೋಡಣೆ ತಿದ್ದೋಕೆ ಆಗುತ್ತೆ. ಇಲ್ಲದಿದ್ದರೆ ಆ ಮೂಲೆಯಲ್ಲಿ ಅಳತೆ ನೆಲದಿಂದಲೇ ಬರಬೇಕು.