ಓದಿದಂತಿರಬಾರದು, ಆಡಿದಂತಿರಬೇಕು

ಅಮೆರಿಕದ ಬ್ಲೇಡ್ ಮಾರುವ ಕಂಪನಿ ಡಾಲರ್ ಶೇವ್ ಕ್ಲಬ್ 2012ರ ಮಾರ್ಚ್‌ನಲ್ಲಿ ಒಂದೂವರೆ ನಿಮಿಷದ ವಿಡಿಯೊ ಬಿಟ್ಟಿತು. ಸ್ಥಾಪಕ ಮೈಕೆಲ್ ಡುಬಿನ್ ಗೋದಾಮಿನಲ್ಲಿ ನಡೆಯುತ್ತಾ, ಕ್ಯಾಮೆರಾವನ್ನೇ ನೋಡುತ್ತಾ ತನ್ನ ಬ್ಲೇಡಿನ ಬಗ್ಗೆ ಮಾತಾಡುತ್ತಾನೆ. ಖರ್ಚು ಸುಮಾರು 4,500 ಡಾಲರ್. ಎರಡೇ ದಿನದಲ್ಲಿ ಬಂದ ಆರ್ಡರು ಸುಮಾರು 12,000. ಆ ಮಾತಿನಲ್ಲಿ ಹೊಳೆದಂತೆ ಹೇಳಿದ್ದು ಏನೂ ಇದ್ದಂತಿಲ್ಲ. ಪ್ರತಿ ತಮಾಷೆಯೂ ಅಳೆದು ಕೂರಿಸಿದ್ದು. ಆದರೂ ಕೇಳುವವರಿಗೆ ಅದು ಒಬ್ಬ ಮನುಷ್ಯನ ಮಾತು ಅನ್ನಿಸಿತು. ಇತ್ತ ಸ್ಟಾರ್ಟಪ್‌ಗಳಿಗೆ ಆರಂಭದ ಬಂಡವಾಳ ಕೊಡುವ ವೈ ಕಾಂಬಿನೇಟರ್, ಅರ್ಜಿಯ ಜೊತೆ ಸ್ಥಾಪಕರಿಂದ ಒಂದು ನಿಮಿಷದ ವಿಡಿಯೊ ಕೇಳುವಾಗ, ಮೊದಲೇ ಬರೆದಿಟ್ಟದ್ದನ್ನು ಒಪ್ಪಿಸಬೇಡಿ, ಗೆಳೆಯನ ಹತ್ತಿರ ಆಡಿದಂತೆ ಆಡಿ ಎನ್ನುತ್ತದೆ. ಎರಡು ದಾರಿಯೂ ಸರಿಯೇ. ಸ್ಕ್ರಿಪ್ಟ್ ಇದ್ದರೆ ಕೃತಕ, ಇಲ್ಲದಿದ್ದರೆ ಸಹಜ ಎಂದು ಗೆರೆ ಎಳೆಯುವುದೇ ತಪ್ಪು. ಬರೆದ ವಾಕ್ಯ ಆಡುವವರ ಬಾಯಿಂದ ಬಂದದ್ದೋ, ಬ್ರೋಷರಿನಿಂದ ಬಂದದ್ದೋ ಎಂಬುದರ ಮೇಲೆ ಎಲ್ಲ ನಿಂತಿದೆ.

ಕನ್ನಡದಲ್ಲಿ ಈ ಕಷ್ಟ ಇನ್ನಷ್ಟು ಹೆಚ್ಚು, ಏಕೆಂದರೆ ನಾವು ಬರೆಯಲು ಕೂತ ಕೂಡಲೇ ಬೇರೊಂದು ಕನ್ನಡಕ್ಕೆ ಜಾರುತ್ತೇವೆ. ಚಳ್ಳಕೆರೆ ಕಡೆಯ ಗಾಣದ ಎಣ್ಣೆಯ ಒಂದು ಸಣ್ಣ ಉದ್ದಿಮೆ ಎಂದು ಕಲ್ಪಿಸಿಕೊಳ್ಳಿ. ತನ್ನ ವಿಡಿಯೊಗೆಂದು ಸ್ಥಾಪಕಿಯೇ ಬರೆದುಕೊಂಡು ಬಂದ ಮೊದಲ ಸಾಲು ಹೀಗಿರುತ್ತದೆ: ‘ಗ್ರಾಹಕರಿಗೆ ಪರಿಶುದ್ಧ, ಆರೋಗ್ಯಕರ ಹಾಗೂ ಗುಣಮಟ್ಟದ ಎಣ್ಣೆಯನ್ನು ಒದಗಿಸುವ ಸದುದ್ದೇಶದಿಂದ ನಮ್ಮ ಸಂಸ್ಥೆಯನ್ನು ಆರಂಭಿಸಲಾಯಿತು.’ ಆಕೆ ಇದನ್ನು ಎಷ್ಟು ನಗುತ್ತಾ ಹೇಳಿದರೂ ಸನ್ಮಾನ ಪತ್ರ ಓದಿದ ಹಾಗೇ ಇರುತ್ತದೆ. ಮೂರು ವಿಶೇಷಣ ಸಾಲಾಗಿ ನಿಂತಿವೆ, ‘ಆರಂಭಿಸಲಾಯಿತು’ ಎನ್ನುವಲ್ಲಿ ಆರಂಭಿಸಿದವಳೇ ಮಾಯ. ಇದನ್ನು ತಿದ್ದಲು ಕೂರುವುದು ವ್ಯರ್ಥ. ಕಾಗದ ಪಕ್ಕಕ್ಕಿಟ್ಟು, ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, ಅರ್ಧ ಗಂಟೆ ಮಾತಾಡಿಸಬೇಕು. ‘ಯಾಕೆ ಶುರು ಮಾಡಿದಿರಿ’ ಎಂದು ಕೇಳಿದರೆ ಮತ್ತೆ ಸನ್ಮಾನ ಪತ್ರವೇ ಬರುತ್ತದೆ. ‘ಬೆಲೆ ಕೇಳಿ ವಾಪಸ್ ಹೋದವರಿಗೆ ಏನು ಹೇಳುತ್ತೀರಿ’ ಎಂದು ಕೇಳಿ ನೋಡಿ. ಆಗ ಬರುವ ಉತ್ತರ ಇಂಥದ್ದು: ‘ಒಂದು ಲೀಟರ್ ಎಣ್ಣೆ ಬರಬೇಕಂದ್ರೆ ಹತ್ತಿರ ಹತ್ತಿರ ಎರಡೂವರೆ ಕೆ.ಜಿ. ಕಡಲೆಬೀಜ ಹಾಕ್ಬೇಕು ರೀ. ಬೀಜದ ರೇಟು ನೀವೇ ನೋಡಿ, ನಾನು ಕಮ್ಮಿಗೆ ಎಲ್ಲಿಂದ ಕೊಡ್ಲಿ?’

ಸ್ಕ್ರಿಪ್ಟ್ ಇಲ್ಲಿಂದ ಶುರುವಾಗಬೇಕು. ರೆಕಾರ್ಡಿಂಗನ್ನು ಅಕ್ಷರಶಃ ಬರೆದುಕೊಂಡು, ಪುನರುಕ್ತಿ ತೆಗೆದು, ಕ್ರಮ ಬದಲಿಸಬಹುದು. ವಾಕ್ಯದ ಒಳಗೆ ಮಾತ್ರ ಕೈ ಹಾಕಬಾರದು. ‘ಹಾಕ್ಬೇಕು ರೀ’ ಎಂಬುದನ್ನು ‘ಬೇಕಾಗುತ್ತದೆ’ ಎಂದು ತಿದ್ದಿದರೆ ಮತ್ತೆ ಬ್ರೋಷರಿಗೆ ಮರಳಿದಂತೆ. ತೊಂಬತ್ತು ಸೆಕೆಂಡಿನ ವಿಡಿಯೊಗೆ ಒಂದೇ ವಿಷಯ ಸಾಕು, ಇಲ್ಲಿ ಬೆಲೆ. ಆರೋಗ್ಯ, ಪರಂಪರೆ, ರೈತರು ಎಲ್ಲವನ್ನೂ ತುರುಕಿದರೆ ಆಕೆ ಅವಸರದಲ್ಲಿ ಓದಲೇಬೇಕಾಗುತ್ತದೆ. ನಂತರ ಆಕೆಯಿಂದಲೇ ಗಟ್ಟಿಯಾಗಿ ಓದಿಸಿ. ಉಸಿರು ಸಾಲದ ಕಡೆ ವಾಕ್ಯ ಒಡೆಯಿರಿ. ಅರಿವಿಲ್ಲದೆ ಒಂದು ಪದ ಬದಲಿಸಿ ಓದಿದರೆ ಆ ಬದಲಾವಣೆಯೇ ಸರಿ. ಬಾಯಿಪಾಠ ಬೇಕಿರುವುದು ಮೊದಲ ಸಾಲು, ಕೊನೆಯ ಸಾಲು ಮಾತ್ರ. ಮಿಕ್ಕದ್ದಕ್ಕೆ ಹಾಳೆಯ ಮೇಲೆ ನಾಲ್ಕು ಸೂಚನಾ ಪದ ಸಾಕು. ಲೆನ್ಸಿನ ಪಕ್ಕ ಗುರುತಿನವರೊಬ್ಬರು ಕೂತು ಅದೇ ಪ್ರಶ್ನೆ ಕೇಳಲಿ, ಉತ್ತರವನ್ನು ಆಕೆ ಲೆನ್ಸಿಗೆ ಕೊಡಲಿ. ಸಂಕಲನದಲ್ಲಿ ಪ್ರಶ್ನೆ ಕತ್ತರಿಸಿ ಹೋಗುವುದರಿಂದ ‘ನಮ್ಮ ಎಣ್ಣೆ ರೇಟು ಯಾಕೆ ಜಾಸ್ತಿ ಅಂದ್ರೆ’ ಎಂದೇ ಶುರು ಮಾಡುವಂತೆ ಮೊದಲೇ ಹೇಳಿಡಬೇಕು. ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ ಚಿತ್ರೀಕರಿಸಿದರೆ, ಜೋಡಣೆಯ ಜಾಗದಲ್ಲಿ ಗಾಣ ತಿರುಗುವುದನ್ನೋ ಬಾಟಲಿ ತುಂಬುವುದನ್ನೋ ತೋರಿಸಿ ಮುಚ್ಚಬಹುದು.

ಟೆಲಿಪ್ರಾಂಪ್ಟರ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಮೊಬೈಲನ್ನು ಮುಖದ ಹತ್ತಿರ ಇಟ್ಟು ಅದರ ಪರದೆಯಿಂದ ಓದಿದರೆ ಕಣ್ಣುಗುಡ್ಡೆ ಎಡದಿಂದ ಬಲಕ್ಕೆ ಓಡುವುದು ನೋಡುಗರಿಗೆ ಕಾಣುತ್ತದೆ. ದೂರ ಇಟ್ಟು, ಸಾಲುಗಳನ್ನು ಕಿರಿದು ಮಾಡಿದರೆ ಅದು ತಗ್ಗುತ್ತದೆ. ಆದರೆ ಎಲ್ಲ ಪದಕ್ಕೂ ಒಂದೇ ಒತ್ತು ಬೀಳುವ ಓದಿನ ಧಾಟಿ ಅಷ್ಟಕ್ಕೆ ಹೋಗುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಸಹಜತೆಯನ್ನೂ ಹೀಗೆ ಲೆಕ್ಕ ಹಾಕಿ ತಯಾರಿಸುವುದು ಮೋಸವಲ್ಲವೇ? ಬೇಕೆಂದೇ ತಡವರಿಸುವುದು, ‘ಅಂದ್ರೆ... ಹೇಗೆ ಹೇಳ್ಲಿ’ ಎಂದು ಬರೆದುಕೊಟ್ಟು ಆಡಿಸುವುದು ಖಂಡಿತ ಮೋಸ, ಮತ್ತು ಅದು ಸಿಕ್ಕಿಬೀಳುತ್ತದೆ. ಆಡಿದ ಮಾತಿನಲ್ಲಿ ಆಯ್ದುಕೊಳ್ಳುವುದು ಮೋಸವಲ್ಲ. ಪತ್ರಿಕೆಯ ಪ್ರತಿ ಸಂದರ್ಶನವೂ ಹಾಗೇ ಸಿದ್ಧವಾಗುತ್ತದೆ. ಡುಬಿನ್‌ನ ಹಾಗೆ ಪದಪದವನ್ನೂ ಹೊಸೆದು ಆಡಬೇಕೆನ್ನುವವರು ಆತ ನ್ಯೂಯಾರ್ಕಿನಲ್ಲಿ ಆಶು ಹಾಸ್ಯ ನಾಟಕ ಕಲಿತವನೆಂಬುದನ್ನು ಮರೆಯುತ್ತಾರೆ. ಆ ಅಭ್ಯಾಸವಿಲ್ಲದವರು ಅವನ ಧಾಟಿ ಹಿಡಿದರೆ ಶಾಲಾ ವಾರ್ಷಿಕೋತ್ಸವ ನೆನಪಾಗುತ್ತದೆ.

ಇಷ್ಟಾದರೂ ಕೆಂಪು ದೀಪ ಹತ್ತಿದೊಡನೆ ಸೆಟೆದುಕೊಳ್ಳುವವರು ಇರುತ್ತಾರೆ. ಅಂಥವರನ್ನು ಕ್ಯಾಮೆರಾ ಮುಂದೆ ಹಿಂಸಿಸಬೇಡಿ. ಮೊದಲ ದಿನ ರೆಕಾರ್ಡ್ ಮಾಡಿದ ದನಿಯನ್ನೇ ಗಾಣದ ದೃಶ್ಯದ ಮೇಲೆ ಹಾಕಿ, ಕೊನೆಗೆ ಐದು ಸೆಕೆಂಡು ಅವರ ಮುಖ ತೋರಿಸಿದರೆ ಸಾಕಾಗುತ್ತದೆ.